ಅಟ್ಟದ ಮೇಲಿನ 20 ಕ್ವಿಂಟಲ್ ಅಡಿಕೆ: ಸಮಸ್ಯಾ ಪ್ರಶ್ನೆಯಲ್ಲಿ ಸಂಗತಿಗಳೇ ಇಲ್ಲದಿದ್ದರೆ ಉತ್ತರಿಸುವುದು ಹೇಗೆ?

ಪ್ರಶ್ನೆ: ಸರ್, ನಾನು ಶಿರಸಿಯವಳು, ಕಾನೂನು ಪದವಿ ವಿದ್ಯಾರ್ಥಿನಿ. ಕಳೆದ ಆಂತರಿಕ ಪರೀಕ್ಷೆಯಲ್ಲಿ ಹೀಗೊಂದು ಸಮಸ್ಯೆ ಬಂದಿತ್ತು: “ಶಿರಸಿಯ ಬೆಳೆಗಾರ ‘ಅ’ ತನ್ನ ಮನೆಯ ಅಟ್ಟದಲ್ಲಿದ್ದ 20 ಕ್ವಿಂಟಲ್ ಚಾಲಿ ಅಡಿಕೆಯನ್ನು ಕ್ವಿಂಟಲಿಗೆ 40,000 ರೂಪಾಯಿಯಂತೆ ಕಾರವಾರದ ವ್ಯಾಪಾರಿ ‘ಬ’ನಿಗೆ ಮಾರಲು ಒಪ್ಪಿದನು. ‘ಬ’ 2 ಲಕ್ಷ ರೂಪಾಯಿ ಮುಂಗಡ ಕೊಟ್ಟನು. ಒಂದು ವಾರದ ನಂತರ, ಮಾಲು ಸಾಗಿಸುವ ಮೊದಲು, ಬೆಂಕಿ ಬಿದ್ದು ಅಡಿಕೆಯೆಲ್ಲ ಸುಟ್ಟುಹೋಯಿತು. ನಷ್ಟ ಯಾರದ್ದು?” ಅಡಿಕೆಯನ್ನು ತೂಕ ಮಾಡಿರಲಿಲ್ಲ ಎಂದು ಭಾವಿಸಿ, ನಷ್ಟ ಬೆಳೆಗಾರನದ್ದು ಎಂದು ನಾನು ಬರೆದೆ. ನನ್ನ ಗೆಳತಿ ನಷ್ಟ ವ್ಯಾಪಾರಿಯದ್ದು ಎಂದು ಬರೆದಳು. ಇಬ್ಬರಿಗೂ ಹತ್ತರಲ್ಲಿ ನಾಲ್ಕೇ ಅಂಕ. ಇನ್ನೊಬ್ಬ ಸಹಪಾಠಿ “ಸಂಗತಿಗಳು ಸಾಲದು, ಉತ್ತರಿಸಲಾಗದು” ಎಂದು ಬರೆದು ಒಂದು ಅಂಕ ಪಡೆದ. ಪ್ರಶ್ನೆಯಲ್ಲೇ ಇಲ್ಲದ ಸಂಗತಿಯನ್ನು ನಾವು ಊಹಿಸಬಹುದೇ? ಊಹಿಸಿದರೆ ಎಷ್ಟು, ಹೇಗೆ?

ಉತ್ತರ:

ಊಹಿಸಬಹುದು, ಈ ಪ್ರಶ್ನೆಯಲ್ಲಂತೂ ಊಹಿಸದೆ ಮುಂದಕ್ಕೆ ಹೋಗಲು ದಾರಿಯೇ ಇಲ್ಲ. ನೀವೂ ನಿಮ್ಮ ಗೆಳತಿಯೂ ತಲುಪಿದ ಎರಡು ತೀರ್ಮಾನಗಳಲ್ಲಿ ಯಾವುದೂ ತಪ್ಪಲ್ಲ. ಆದರೆ ಇಬ್ಬರೂ ಅರ್ಧ ಉತ್ತರವನ್ನಷ್ಟೇ ಬರೆದಿದ್ದೀರಿ, ಆ ಅರ್ಧಕ್ಕೆ ಸಿಗಬೇಕಾದ ಅಂಕವೇ ಸಿಕ್ಕಿದೆ. ಕಾರವಾರದಲ್ಲಿ ವಕೀಲಿ ಮಾಡುತ್ತ, ಜೊತೆಗೆ ಕಾನೂನು ತರಗತಿಗಳಲ್ಲಿ ಪಾಠ ಹೇಳುತ್ತ, ಉತ್ತರ ಪತ್ರಿಕೆಗಳನ್ನು ತಿದ್ದುತ್ತ ಬಂದವನಾಗಿ ಹೇಳುವುದಾದರೆ, ವಿದ್ಯಾರ್ಥಿಗಳು ಇಂಥ ಕಡೆ ಅಂಕ ಕಳೆದುಕೊಳ್ಳುವುದು ಹೆಚ್ಚಾಗಿ ಕಾನೂನು ಗೊತ್ತಿಲ್ಲದ್ದರಿಂದಲ್ಲ. ಪ್ರಶ್ನೆಯ ಯಾವ ಮೌನವನ್ನು ತಾವು ತುಂಬಬೇಕು, ಯಾವ ಮೌನವನ್ನು ಕಾನೂನೇ ತುಂಬಿಕೊಡುತ್ತದೆ ಎಂಬ ವ್ಯತ್ಯಾಸ ಅವರ ಗಮನಕ್ಕೆ ಬಂದಿರುವುದಿಲ್ಲ.

ಮೊದಲಿಗೆ ನಿಮ್ಮ ಸಹಪಾಠಿಯ ನಿಲುವನ್ನು ನೋಡೋಣ. ಪ್ರಶ್ನೆಯಲ್ಲಿ ಸಂಗತಿ ಕಡಿಮೆಯಿದ್ದರೆ ಅದು ಪ್ರಶ್ನೆ ತೆಗೆದವರ ಅಜಾಗರೂಕತೆ ಎಂಬ ನಂಬಿಕೆ ವಿದ್ಯಾರ್ಥಿಗಳಲ್ಲಿ ವ್ಯಾಪಕವಾಗಿದೆ. ಕೆಲವೊಮ್ಮೆ ಅದು ನಿಜವೂ ಇರಬಹುದು. ಆದರೆ ನಿಮ್ಮ ಪ್ರಶ್ನೆಯನ್ನು ಗಮನವಿಟ್ಟು ಓದಿ. ದರವನ್ನು ಇಡಿಯಾಗಿ ಹೇಳದೆ ಕ್ವಿಂಟಲಿಗೆ ಇಷ್ಟು ಎಂದು ಹೇಳಿದ್ದಾರೆ, ಆದರೆ ತೂಕದ ಮಾತೇ ಎತ್ತಿಲ್ಲ. ಅಟ್ಟದಲ್ಲಿದ್ದ 20 ಕ್ವಿಂಟಲ್ ಎಂದಿದ್ದಾರೆ, ಆದರೆ ಅಟ್ಟದಲ್ಲಿ ಇದ್ದದ್ದೇ ಅಷ್ಟೋ ಅಥವಾ ಅಲ್ಲಿದ್ದ ದೊಡ್ಡ ದಾಸ್ತಾನಿನಲ್ಲಿ ಅದು ಒಂದು ಭಾಗವೋ ಎಂಬುದನ್ನು ಬಿಟ್ಟಿದ್ದಾರೆ. ಈ ಎರಡೂ ಅಂತರಗಳು ಸರಕುಗಳ ಮಾರಾಟ ಅಧಿನಿಯಮ, 1930ರ ಎರಡು ಬೇರೆ ಬೇರೆ ಕಲಂಗಳ ಬಾಗಿಲಿಗೆ ಸರಿಯಾಗಿ ಬಂದು ನಿಲ್ಲುತ್ತವೆ. ಇದು ಆಕಸ್ಮಿಕವಲ್ಲ. ಪ್ರಶ್ನೆ ತೆಗೆದವರು ನೀವು ಆ ಬಾಗಿಲುಗಳನ್ನು ಗುರುತಿಸುತ್ತೀರೋ ಇಲ್ಲವೋ ಎಂದು ನೋಡುತ್ತಿದ್ದಾರೆ. ಆದ್ದರಿಂದ “ಉತ್ತರಿಸಲಾಗದು” ಎಂದು ಬರೆದವರು ಪರೀಕ್ಷೆಯ ಮುಖ್ಯ ಭಾಗವನ್ನೇ ಬಿಟ್ಟುಕೊಟ್ಟಂತಾಗುತ್ತದೆ. ಕಕ್ಷಿದಾರರು ನಮ್ಮ ಕಚೇರಿಗೆ ಬಂದಾಗಲೂ ಪೂರ್ತಿ ಸಂಗತಿಗಳನ್ನು ಹಿಡಿದುಕೊಂಡು ಬರುವುದಿಲ್ಲ. “ತೂಕ ಆಗಿತ್ತೇ?” ಎಂದು ಕೇಳಿದರೆ “ಮನೆಯಲ್ಲಿ ಕೇಳಿ ಹೇಳುತ್ತೇನೆ” ಎನ್ನುತ್ತಾರೆ, ಆದರೂ ಅಂದೇ ನಾವು ಅವರಿಗೆ ಹೀಗಾಗಿದ್ದರೆ ಹೀಗೆ, ಹಾಗಾಗಿದ್ದರೆ ಹಾಗೆ ಎಂದು ಒಂದು ದಾರಿ ಹೇಳಬೇಕಾಗುತ್ತದೆ.

ಈಗ ಊಹೆಯ ಕ್ರಮಕ್ಕೆ ಬರುತ್ತೇನೆ. ಊಹೆ ಪ್ರಶ್ನೆಯ ಕಥೆಯಿಂದ ಹುಟ್ಟಬಾರದು, ಕಲಮಿನಿಂದ ಹುಟ್ಟಬೇಕು. ಕಥೆಯಿಂದ ಆರಂಭಿಸಿದರೆ ಊಹೆಗಳಿಗೆ ಕೊನೆಯೇ ಇರುವುದಿಲ್ಲ: ಬೆಂಕಿ ಹೇಗೆ ಬಿತ್ತು, ವಿಮೆ ಇತ್ತೇ, ಲಾರಿ ಯಾರು ಕಳಿಸಬೇಕಿತ್ತು, ಒಪ್ಪಂದ ಬರಹದಲ್ಲಿತ್ತೇ, ಅಡಿಕೆ ಯಾವ ವರ್ಷದ್ದು. ಕಲಮಿನಿಂದ ಆರಂಭಿಸಿದರೆ ಆ ಕಲಂ ಕೇಳುವ ಸಂಗತಿಗಳು ಮಾತ್ರ ಬೇಕಾಗುತ್ತವೆ. ನಿಮ್ಮ ಪ್ರಶ್ನೆಗೆ ಮೂಲ ನಿಯಮ ಕಲಂ 26. ಬೇರೆ ಒಪ್ಪಂದ ಇಲ್ಲದಿದ್ದರೆ, ಸರಕಿನ ಒಡೆತನ ಕೊಳ್ಳುವವನಿಗೆ ವರ್ಗವಾಗುವವರೆಗೆ ನಷ್ಟದ ಹೊಣೆ ಮಾರುವವನದ್ದು, ವರ್ಗವಾದ ಮೇಲೆ ಸರಕು ಕೈಗೆ ಬಂದಿರಲಿ ಬಿಡಲಿ ಹೊಣೆ ಕೊಳ್ಳುವವನದ್ದು. ಹಾಗಾದರೆ “ನಷ್ಟ ಯಾರದ್ದು?” ಎಂಬ ಪ್ರಶ್ನೆ “ಬೆಂಕಿ ಬಿದ್ದ ದಿನ ಅಡಿಕೆ ಯಾರದ್ದಾಗಿತ್ತು?” ಎಂಬ ಪ್ರಶ್ನೆಯಾಗಿ ಬದಲಾಗುತ್ತದೆ. ಒಡೆತನ ಯಾವಾಗ ವರ್ಗವಾಗುತ್ತದೆ ಎಂಬುದನ್ನು ಕಲಂ 18ರಿಂದ 23ರವರೆಗೆ ಹೇಳಲಾಗಿದೆ. ಈ ಕಲಂಗಳ ಒಂದೊಂದು ಶರತ್ತನ್ನೂ ಎದುರಿಗಿಟ್ಟುಕೊಂಡು ಪ್ರಶ್ನೆಯಲ್ಲಿ ಅದಕ್ಕೆ ಉತ್ತರವಿದೆಯೇ ಎಂದು ಗುರುತು ಹಾಕುತ್ತ ಹೋಗಿ. ಎಲ್ಲಿ ಗುರುತು ಬೀಳುವುದಿಲ್ಲವೋ ಅಲ್ಲಿ ಮಾತ್ರ ಊಹೆಯ ಅಗತ್ಯ ಹುಟ್ಟಬಹುದು.

ಹುಟ್ಟಬಹುದು ಎಂದು ಹೇಳಲು ಕಾರಣವಿದೆ. ಪ್ರಶ್ನೆ ಸುಮ್ಮನಿರುವ ಕಡೆಯೆಲ್ಲ ಊಹೆ ಬೇಕಾಗುವುದಿಲ್ಲ, ಏಕೆಂದರೆ ಪಕ್ಷಕಾರರು ಏನೂ ಹೇಳದಿದ್ದಾಗ ಏನಾಗಬೇಕು ಎಂಬುದನ್ನು ಕಾನೂನು ಹಲವು ಕಡೆ ತಾನೇ ಹೇಳಿಟ್ಟಿದೆ. ನಷ್ಟದ ಹೊಣೆಯ ಬಗ್ಗೆ ಅ ಮತ್ತು ಬ ಬೇರೆ ಏನಾದರೂ ಒಪ್ಪಿಕೊಂಡಿದ್ದರೇ ಎಂದು ಪ್ರಶ್ನೆ ಹೇಳಿಲ್ಲ. ಇಲ್ಲಿ “ಅವರು ಬೇರೆ ಒಪ್ಪಂದ ಮಾಡಿಕೊಂಡಿರಲಿಲ್ಲ ಎಂದು ಭಾವಿಸೋಣ, ಮಾಡಿಕೊಂಡಿದ್ದರೆ” ಎಂದು ಎರಡು ದಾರಿ ತೆರೆಯುವುದು ವ್ಯರ್ಥ ಕೆಲಸ. ಬೇರೆ ಒಪ್ಪಂದ ಕಾಣಿಸದಿದ್ದರೆ ಕಲಂ 26ರ ನಿಯಮವೇ ನಡೆಯುತ್ತದೆ ಎಂದು ಒಂದು ವಾಕ್ಯ ಸಾಕು. ಹಾಗೆಯೇ ಉಳಿದ 6 ಲಕ್ಷ ರೂಪಾಯಿ ಯಾವಾಗ ಕೊಡಬೇಕಿತ್ತು, ಮಾಲು ಯಾವಾಗ ಒಯ್ಯಬೇಕಿತ್ತು ಎಂಬುದನ್ನೂ ಹೇಳಿಲ್ಲ. ಇದಕ್ಕೂ ಊಹೆ ಬೇಡ. ಕಲಂ 20ರ ಪ್ರಕಾರ, ಒಪ್ಪಿಸಬಹುದಾದ ಸ್ಥಿತಿಯಲ್ಲಿರುವ ನಿರ್ದಿಷ್ಟ ಸರಕನ್ನು ಶರತ್ತಿಲ್ಲದೆ ಮಾರಿದರೆ ಒಪ್ಪಂದವಾದ ಕ್ಷಣದಲ್ಲೇ ಒಡೆತನ ವರ್ಗವಾಗುತ್ತದೆ. ಹಣ ಕೊಡುವ ಸಮಯ ಮುಂದೆ ಹೋಗಿದ್ದರೂ, ಮಾಲು ಒಪ್ಪಿಸುವ ಸಮಯ ಮುಂದೆ ಹೋಗಿದ್ದರೂ, ಎರಡೂ ಮುಂದೆ ಹೋಗಿದ್ದರೂ ವ್ಯತ್ಯಾಸವಾಗುವುದಿಲ್ಲ.

ನಮ್ಮ ಭಾಗದ ವಿದ್ಯಾರ್ಥಿಗಳು ಮತ್ತೆ ಮತ್ತೆ ಎಡವುವುದು ಇಲ್ಲಿಯೇ. ಪೂರ್ತಿ ಹಣ ಬರದೆ ಮಾಲು ವ್ಯಾಪಾರಿಯದಾಗುವುದಿಲ್ಲ ಎಂಬುದು ವ್ಯವಹಾರದಲ್ಲಿ ಆಳವಾಗಿ ಬೇರೂರಿರುವ ಭಾವನೆ. ಅಡಿಕೆ ಇನ್ನೂ ನಮ್ಮ ಅಟ್ಟದ ಮೇಲೆಯೇ ಇದೆ, ಮುಂಗಡ ಮಾತ್ರ ಬಂದಿದೆ, ಹಾಗಾಗಿ ಅದು ನಮ್ಮದೇ ಎಂದು ಮನೆಮಂದಿ ಹೇಳುವುದು ಸಹಜ. ಕಾನೂನಿನಲ್ಲಿ ಅದು ಹಾಗಿಲ್ಲ. ಬಾಕಿ ಹಣ ಬರುವ ತನಕ ಮಾಲನ್ನು ತಡೆದಿಟ್ಟುಕೊಳ್ಳುವ ಹಕ್ಕು ಮಾರುವವನಿಗೆ ಇರಬಹುದು, ಆದರೆ ತಡೆದಿಟ್ಟುಕೊಳ್ಳುವ ಹಕ್ಕೇ ಬೇರೆ, ಒಡೆತನವೇ ಬೇರೆ. ಇದೇ ರೀತಿ “ಮಾರಲು ಒಪ್ಪಿದನು” ಎಂಬ ಮಾತನ್ನು ನೋಡಿದ ಕೂಡಲೇ ಇದು ಮಾರಾಟವಲ್ಲ, ಮುಂದೆ ಮಾರುವ ಕರಾರು ಮಾತ್ರ, ಆದ್ದರಿಂದ ಒಡೆತನ ವರ್ಗವಾಗಿಲ್ಲ ಎಂದು ಒಂದೇ ಸಾಲಿನಲ್ಲಿ ಮುಗಿಸುವವರೂ ಇದ್ದಾರೆ. ಕಲಂ 4 ಮಾಡುವ ಭೇದ ಒಡೆತನ ಈಗಲೇ ವರ್ಗವಾಗುತ್ತದೆಯೋ, ಮುಂದೊಂದು ದಿನ ಅಥವಾ ಶರತ್ತು ಈಡೇರಿದ ಮೇಲೆ ವರ್ಗವಾಗುತ್ತದೆಯೋ ಎಂಬುದರ ಮೇಲೆ ನಿಂತಿದೆ. ಪ್ರಶ್ನೆಯಲ್ಲಿ ಬಳಸಿದ ಒಂದು ಕ್ರಿಯಾಪದ ಅದನ್ನು ತೀರ್ಮಾನಿಸಲಾರದು.

ಇನ್ನು ಕೆಲವು ಸಂಗತಿಗಳು ಪ್ರಶ್ನೆಯಲ್ಲಿ ಇಲ್ಲವೆಂದು ತೋರಿದರೂ ನಿಜವಾಗಿ ಇವೆ. ಒಡೆತನ ವರ್ಗವಾಗಲು ಸರಕು ಒಪ್ಪಿಸಬಹುದಾದ ಸ್ಥಿತಿಯಲ್ಲಿರಬೇಕು. ಅದನ್ನು ಆ ಸ್ಥಿತಿಗೆ ತರಲು ಮಾರುವವನು ಇನ್ನೂ ಏನಾದರೂ ಮಾಡಬೇಕಿದ್ದರೆ ಅದನ್ನು ಮಾಡಿ ಕೊಳ್ಳುವವನಿಗೆ ತಿಳಿಸುವವರೆಗೆ ಒಡೆತನ ವರ್ಗವಾಗದು ಎನ್ನುತ್ತದೆ ಕಲಂ 21. ಹಾಗಾದರೆ ಅಡಿಕೆ ಸುಲಿಯಬೇಕಿತ್ತೇ ಎಂದು ಒಬ್ಬರು ಕೇಳಬಹುದು. ಆದರೆ ಪ್ರಶ್ನೆ ಚಾಲಿ ಎಂದಿದೆ. ಹಣ್ಣಡಿಕೆಯನ್ನು ಒಣಗಿಸಿ ಸುಲಿದದ್ದೇ ಚಾಲಿ. ಸುಲಿಯದೆ ಒಣಗಿಸಿಟ್ಟದ್ದನ್ನು ಶಿರಸಿಯಲ್ಲಿ ಯಾರೂ ಚಾಲಿ ಎಂದು ಮಾರುವುದಿಲ್ಲ. ಸಂಗತಿ ಆ ಒಂದು ಪದದೊಳಗೇ ಇದೆ, ಊಹಿಸಬೇಕಾಗಿಲ್ಲ. ಅದೇ ರೀತಿ, ಒಪ್ಪಂದಕ್ಕೆ ಮೊದಲೇ ಅಡಿಕೆ ನಾಶವಾಗಿದ್ದರೆ ಕಲಂ 7 ಬರುತ್ತಿತ್ತು. ಆದರೆ ಒಂದು ವಾರದ ನಂತರ ಎಂದು ಸ್ಪಷ್ಟವಾಗಿ ಹೇಳಿರುವುದರಿಂದ ಆ ಕಲಮನ್ನು ತರುವುದೇ ಬೇಡ. ಕೊಟ್ಟ ಸಂಗತಿಗೆ ವಿರುದ್ಧವಾಗಿ ಊಹಿಸುವುದು ದೊಡ್ಡ ದೋಷ, ಅದಕ್ಕೆ ಯಾವ ಪರೀಕ್ಷಕರೂ ಅಂಕ ಕೊಡುವುದಿಲ್ಲ.

ಇಷ್ಟನ್ನು ಕಳೆದ ಮೇಲೆ ನಿಜವಾಗಿ ಉಳಿಯುವ ಅಂತರಗಳು ಎರಡೇ. ಮೊದಲನೆಯದು, ಅಟ್ಟದಲ್ಲಿ ಇದ್ದ ಅಡಿಕೆ ಒಟ್ಟು 20 ಕ್ವಿಂಟಲ್ ಮಾತ್ರವೇ ಅಥವಾ ಅದಕ್ಕಿಂತ ಹೆಚ್ಚಿತ್ತೇ? ಎರಡನೆಯದು, ಬೆಲೆ ಲೆಕ್ಕ ಹಾಕಲು ತೂಕ ಮಾಡುವ ಕೆಲಸ ಬಾಕಿ ಇತ್ತೇ, ಇದ್ದರೆ ಅದು ಯಾರ ಕೆಲಸ? ಈ ಎರಡಕ್ಕೆ ಮಾತ್ರ ನೀವು ಪರ್ಯಾಯ ಉತ್ತರ ಬರೆಯಬೇಕು.

ತೂಕದ ಪ್ರಶ್ನೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ನೀವು ಊಹಿಸಿದ್ದು ಇದನ್ನೇ, ಆದರೆ ಊಹೆಯನ್ನು ಕಲಮಿನ ಪೂರ್ತಿ ಅಳತೆಗೆ ಹೊಲಿಯಲಿಲ್ಲ. “ತೂಕ ಮಾಡಿರಲಿಲ್ಲ” ಎಂದಷ್ಟೇ ಬರೆದರೆ ಕಲಂ 22 ಅನ್ವಯವಾಗುವುದಿಲ್ಲ. ಆ ಕಲಂ ಹೇಳುವುದು ಇಷ್ಟು: ನಿರ್ದಿಷ್ಟ ಸರಕು ಒಪ್ಪಿಸಬಹುದಾದ ಸ್ಥಿತಿಯಲ್ಲಿದ್ದರೂ, ಬೆಲೆಯನ್ನು ಗೊತ್ತುಮಾಡುವ ಸಲುವಾಗಿ ತೂಗುವ, ಅಳೆಯುವ ಅಥವಾ ಪರೀಕ್ಷಿಸುವ ಕೆಲಸವನ್ನು ಮಾಡಲು ಮಾರುವವನು ಬದ್ಧನಾಗಿದ್ದರೆ, ಆ ಕೆಲಸ ಮುಗಿದು ಕೊಳ್ಳುವವನಿಗೆ ಅದರ ತಿಳಿವಳಿಕೆ ಬರುವವರೆಗೆ ಒಡೆತನ ವರ್ಗವಾಗುವುದಿಲ್ಲ. ಇಲ್ಲಿ ಭಾರವೆಲ್ಲ ಮಾರುವವನು ಎಂಬ ಮಾತಿನ ಮೇಲಿದೆ. 1809ರ ಝಾಗುರಿ ವಿರುದ್ಧ ಫರ್ನೆಲ್ ಎಂಬ ಇಂಗ್ಲಿಷ್ ಪ್ರಕರಣದಲ್ಲಿ ಮೇಕೆಯ ಚರ್ಮದ 289 ಕಟ್ಟುಗಳನ್ನು ಡಜನಿಗೆ ಇಷ್ಟು ಎಂಬ ದರದಲ್ಲಿ ಮಾರಲಾಗಿತ್ತು. ಚರ್ಮಗಳನ್ನು ಎಣಿಸುವುದು ಮಾರುವವನ ಕೆಲಸವಾಗಿತ್ತು. ಎಣಿಕೆ ಮುಗಿಯುವ ಮೊದಲೇ ಅವು ಬೆಂಕಿಗೆ ಆಹುತಿಯಾದವು. ನಷ್ಟ ಮಾರುವವನದ್ದೇ ಎಂದು ತೀರ್ಪಾಯಿತು. ಇದಕ್ಕೆ ಪ್ರತಿಯಾಗಿ 1863ರ ಟರ್ಲಿ ವಿರುದ್ಧ ಬೇಟ್ಸ್ ಪ್ರಕರಣದಲ್ಲಿ ಜೇಡಿಮಣ್ಣಿನ ಒಂದು ಇಡೀ ರಾಶಿಯನ್ನು ಟನ್ನಿಗೆ ಇಷ್ಟು ಎಂದು ಮಾರಲಾಗಿತ್ತು, ತೂಗಿಸಿಕೊಳ್ಳಬೇಕಾದವನು ಕೊಂಡವನು. ತೂಕ ಬಾಕಿಯಿದ್ದರೂ ಒಡೆತನ ವರ್ಗವಾಗಿತ್ತು ಎಂದು ನ್ಯಾಯಾಲಯ ಹೇಳಿತು. ಎರಡೂ ಕಡೆ ದರ ಬಿಡಿ ಲೆಕ್ಕದ್ದೇ, ಎರಡೂ ಕಡೆ ಕೆಲಸ ಬಾಕಿಯೇ. ತೀರ್ಪುಗಳು ಬೇರೆಯಾಗುವುದಕ್ಕೆ ಆ ಕೆಲಸ ಯಾರ ಮೇಲಿತ್ತು ಎಂಬುದು ಮುಖ್ಯ ಕಾರಣ.

ನಮ್ಮಲ್ಲಿಯೂ ಎರಡು ರೀತಿಯ ವ್ಯವಹಾರವನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಬೆಳೆಗಾರ ತಾನೇ ತೂಗಿ ಚೀಲ ಕಟ್ಟಿಟ್ಟು ವ್ಯಾಪಾರಿಗೆ ಹೇಳಿ ಕಳಿಸುವ ಒಪ್ಪಂದವಿರಬಹುದು. ವ್ಯಾಪಾರಿಯ ಜನರೇ ತಕ್ಕಡಿ ತಂದು ಮನೆಬಾಗಿಲಲ್ಲಿ ತೂಗಿಕೊಂಡು ಹೋಗುವ ಒಪ್ಪಂದವೂ ಇರಬಹುದು. ಪ್ರಶ್ನೆ ಇದರ ಬಗ್ಗೆ ಮೌನವಾಗಿದೆ, ಕಾನೂನೂ ಈ ಮೌನಕ್ಕೆ ಸಿದ್ಧ ಉತ್ತರ ಇಟ್ಟಿಲ್ಲ. ಇಂಥದ್ದೇ ಊಹೆಗೆ ನಿಜವಾಗಿ ಅರ್ಹವಾದ ಸಂಗತಿ.

ಪರ್ಯಾಯಗಳನ್ನು ಬರೆಯುವಾಗ ಒಂದೇ ಫಲಕ್ಕೆ ಹೋಗುವ ಸಂಗತಿಗಳನ್ನು ಒಟ್ಟಿಗೆ ಕಟ್ಟಿ. ತೂಕ ಮುಗಿದು ಬ ಅದನ್ನು ತಿಳಿದಿದ್ದ ಎಂದಾದರೂ, ತೂಕ ಬಾಕಿಯಿದ್ದು ಅದು ಬನ ಕೆಲಸವಾಗಿತ್ತು ಎಂದಾದರೂ, ಫಲ ಒಂದೇ: ಕಲಂ 22 ಅಡ್ಡ ಬರುವುದಿಲ್ಲ, ಕಲಂ 20 ನಡೆಯುತ್ತದೆ. ಅದೇ ರೀತಿ ಅ ತೂಗಬೇಕಿತ್ತು, ತೂಗಿರಲಿಲ್ಲ ಎಂದಾದರೂ, ತೂಗಿದ್ದ ಆದರೆ ಬನಿಗೆ ತಿಳಿಸಿರಲಿಲ್ಲ ಎಂದಾದರೂ ಫಲ ಒಂದೇ. ನಾಲ್ಕು ಸಾಧ್ಯತೆಗಳಿಗೆ ನಾಲ್ಕು ಶೀರ್ಷಿಕೆ ಕೊಟ್ಟು ನಾಲ್ಕು ಪುಟ ಬರೆಯುವ ವಿದ್ಯಾರ್ಥಿಗಿಂತ, ಅವು ಎರಡೇ ಫಲಗಳು ಎಂದು ಕಂಡುಕೊಂಡ ವಿದ್ಯಾರ್ಥಿಗೆ ಕಾನೂನು ಹೆಚ್ಚು ಅರ್ಥವಾಗಿದೆ ಎಂಬುದು ಪರೀಕ್ಷಕರಿಗೆ ಕೂಡಲೇ ಗೊತ್ತಾಗುತ್ತದೆ.

ಹೀಗೆ ಕಟ್ಟಿದರೆ ನಿಮ್ಮ ಪ್ರಶ್ನೆಗೆ ಮೂರು ಫಲಗಳು ಸಿಗುತ್ತವೆ.

ಮೊದಲನೆಯ ಊಹೆ: ಅಟ್ಟದಲ್ಲಿದ್ದದ್ದು ಆ 20 ಕ್ವಿಂಟಲ್ ಮಾತ್ರ, ಮತ್ತು ಅ ಮಾಡಬೇಕಾದ ತೂಕದ ಕೆಲಸ ಯಾವುದೂ ಬಾಕಿ ಇರಲಿಲ್ಲ. ಆಗ ಅದು ಒಪ್ಪಂದದ ಸಮಯದಲ್ಲೇ ಗುರುತಿಸಿ ಒಪ್ಪಿಕೊಂಡ ನಿರ್ದಿಷ್ಟ ಸರಕು. ಕಲಂ 20ರಂತೆ ಒಡೆತನ ಒಪ್ಪಂದದ ದಿನವೇ ಬನಿಗೆ ವರ್ಗವಾಯಿತು, ಕಲಂ 26ರಂತೆ ನಷ್ಟ ಬನದ್ದು. ಹಣದ ಲೆಕ್ಕವನ್ನೂ ತಪ್ಪದೆ ಬರೆಯಿರಿ, ಏಕೆಂದರೆ ನಷ್ಟ ಯಾರದ್ದು ಎಂಬುದಕ್ಕೆ ಕೊನೆಯ ಅರ್ಥ ಬರುವುದು ಅಲ್ಲಿ. ಒಟ್ಟು ಬೆಲೆ 8 ಲಕ್ಷ. ಬ ಮುಂಗಡವನ್ನು ಹಿಂದಕ್ಕೆ ಕೇಳುವಂತಿಲ್ಲ, ಅಡಿಕೆ ಸಿಗದಿದ್ದರೂ ಉಳಿದ 6 ಲಕ್ಷ ಕೊಡಬೇಕು, ಕೊಡದಿದ್ದರೆ ಅ ಕಲಂ 55ರ ಅಡಿಯಲ್ಲಿ ಬೆಲೆಗಾಗಿ ದಾವೆ ಹೂಡಬಹುದು.

ಎರಡನೆಯ ಊಹೆ: ಅಟ್ಟದಲ್ಲಿದ್ದದ್ದು 20 ಕ್ವಿಂಟಲ್ ಮಾತ್ರ, ಆದರೆ ಬೆಲೆ ಗೊತ್ತುಮಾಡಲು ಅ ತೂಗಿ ತಿಳಿಸಬೇಕಿತ್ತು, ಅದು ಆಗಿರಲಿಲ್ಲ. ಕಲಂ 22ರಂತೆ ಒಡೆತನ ವರ್ಗವಾಗಲಿಲ್ಲ. ಇಲ್ಲಿಗೆ ನಿಲ್ಲಿಸಿ “ನಷ್ಟ ಅನದ್ದು” ಎಂದರೆ ಸಾಲದು. ನೀವು ನಿಲ್ಲಿಸಿದ್ದು ಇಲ್ಲಿಯೇ. ಒಪ್ಪಂದದ ಗತಿ ಏನಾಯಿತು ಎಂಬುದನ್ನು ಹೇಳಬೇಕು. ನಿರ್ದಿಷ್ಟ ಸರಕನ್ನು ಮುಂದೆ ಮಾರುವ ಕರಾರಾಗಿ, ಯಾರ ತಪ್ಪೂ ಇಲ್ಲದೆ, ಹೊಣೆ ಕೊಳ್ಳುವವನಿಗೆ ವರ್ಗವಾಗುವ ಮೊದಲೇ ಸರಕು ನಾಶವಾದರೆ ಕಲಂ 8ರಂತೆ ಕರಾರು ರದ್ದಾಗುತ್ತದೆ. ಬ ಬಾಕಿ ಹಣ ಕೊಡಬೇಕಾಗಿಲ್ಲ. ಅ ಬೇರೆ ಕಡೆಯಿಂದ ಅಡಿಕೆ ತಂದು ಕೊಡಬೇಕಾಗಿಯೂ ಇಲ್ಲ. ಪಡೆದ 2 ಲಕ್ಷ ಮುಂಗಡವನ್ನು ಮಾತ್ರ ಭಾರತೀಯ ಕರಾರು ಅಧಿನಿಯಮ, 1872ರ ಕಲಂ 65ರಂತೆ ಹಿಂದಿರುಗಿಸಬೇಕು.

ಮೂರನೆಯ ಊಹೆ: ಅಟ್ಟದಲ್ಲಿ 50 ಕ್ವಿಂಟಲ್ ಇತ್ತು, ಬನ 20 ಕ್ವಿಂಟಲನ್ನು ಬೇರ್ಪಡಿಸಿರಲಿಲ್ಲ. ಯಾವ 20 ಕ್ವಿಂಟಲ್ ಎಂದು ತೋರಿಸಲಾಗದ ಸರಕಿನ ಒಡೆತನ ಅದನ್ನು ಗುರುತಿಸುವವರೆಗೆ ವರ್ಗವಾಗುವುದಿಲ್ಲ ಎಂದು ಕಲಂ 18 ಹೇಳುತ್ತದೆ. ಪಕ್ಷಕಾರರ ಇಚ್ಛೆ ಏನೇ ಇದ್ದರೂ ಈ ನಿಯಮ ಬದಲಾಗದು. ನಷ್ಟ ಅನದ್ದೇ. ಎರಡನೆಯ ಊಹೆಯಲ್ಲೂ ನಷ್ಟ ಅನದ್ದೇ ಆಗಿದ್ದರಿಂದ ಇವೆರಡನ್ನೂ ಒಂದೇ ಎಂದು ಹಲವರು ಸೇರಿಸಿಬಿಡುತ್ತಾರೆ, ಹಾಗೆ ಮಾಡಬಾರದು. ಕಲಂ 8 ನಿರ್ದಿಷ್ಟ ಸರಕಿಗೆ ಮಾತ್ರ ಅನ್ವಯಿಸುವುದರಿಂದ ಇಲ್ಲಿ ಅದರ ಆಶ್ರಯ ಸಿಗುವುದಿಲ್ಲ. ಒಪ್ಪಂದ ಯಾವುದೋ 20 ಕ್ವಿಂಟಲ್ ಚಾಲಿಗೆ ಆಗಿದ್ದರೆ ಅ ಪೇಟೆಯಲ್ಲಿ ಕೊಂಡಾದರೂ ಕೊಡಬೇಕಿತ್ತು, ಕೊಡದಿದ್ದರೆ ಕಲಂ 57ರಂತೆ ಪರಿಹಾರ ಕೊಡಬೇಕಿತ್ತು. ಆದರೆ ಪ್ರಶ್ನೆ “ತನ್ನ ಮನೆಯ ಅಟ್ಟದಲ್ಲಿದ್ದ” ಎಂದು ಮೂಲವನ್ನು ಹೆಸರಿಸಿದೆ, ಅಡಿಕೆಯೆಲ್ಲ ಸುಟ್ಟಿತು ಎಂದೂ ಹೇಳಿದೆ. ಹೆಸರಿಸಿದ ಮೂಲವೇ ಇಲ್ಲವಾದಾಗ ಕೊಡುವುದು ಅಸಾಧ್ಯವಾಯಿತು ಎಂದು ಅ ಕರಾರು ಅಧಿನಿಯಮದ ಕಲಂ 56ನ್ನು ಹಿಡಿಯಬಹುದು. 1876ರ ಹೋವೆಲ್ ವಿರುದ್ಧ ಕೂಪ್ಲೆಂಡ್ ಪ್ರಕರಣದಲ್ಲಿ ನಿರ್ದಿಷ್ಟ ಹೊಲದಲ್ಲಿ ಬೆಳೆಯುವ ಆಲೂಗಡ್ಡೆಗೆ ಒಪ್ಪಂದವಾಗಿ, ರೋಗ ತಗುಲಿ ಬೆಳೆ ಹೋದಾಗ, ಬೆಳೆಗಾರ ಉಳಿದ ಪಾಲಿಗೆ ಹೊಣೆಯಲ್ಲ ಎಂದು ತೀರ್ಪಾದದ್ದು ಇದೇ ತರ್ಕದ ಮೇಲೆ.

ಬೆಂಕಿಯ ಕಾರಣವನ್ನು ನಾನು ಇದುವರೆಗೆ ಬೇಕೆಂದೇ ಮುಟ್ಟಲಿಲ್ಲ. ಅದನ್ನು ನಾಲ್ಕನೆಯ ಊಹೆಯಾಗಿ ಬರೆಯಬಾರದು. ಅನ ನಿರ್ಲಕ್ಷ್ಯದಿಂದ ಬೆಂಕಿ ಬಿದ್ದಿದ್ದರೆ ಎಂಬ ಪ್ರಶ್ನೆ ಒಂದೊಂದು ಊಹೆಯೊಳಗೂ ಬೇರೆ ಬೇರೆ ಕೆಲಸ ಮಾಡುತ್ತದೆ. ಮೊದಲನೆಯದರಲ್ಲಿ ಅಡಿಕೆ ಬನದು, ಅ ಅದನ್ನು ಇಟ್ಟುಕೊಂಡವನು ಮಾತ್ರ; ಇನ್ನೊಬ್ಬರ ಸರಕನ್ನು ಇಟ್ಟುಕೊಂಡವನಿಗಿರುವ ಹೊಣೆ ಹಾಗೆಯೇ ಉಳಿಯುತ್ತದೆ ಎಂದು ಕಲಂ 26ರ ಎರಡನೆಯ ಪರಂತುಕ ಹೇಳುತ್ತದೆ. ಸಾಮಾನ್ಯ ವಿವೇಕದ ಮನುಷ್ಯ ತನ್ನ ಸ್ವಂತ ಮಾಲಿಗೆ ವಹಿಸುವಷ್ಟು ಎಚ್ಚರವನ್ನು ಅ ವಹಿಸಿರದಿದ್ದರೆ, ಕರಾರು ಅಧಿನಿಯಮದ ಕಲಂ 151ರ ಆಧಾರದ ಮೇಲೆ ಬ ಅವನಿಂದ ಪರಿಹಾರ ಕೇಳಬಹುದು, ಎಚ್ಚರ ವಹಿಸಿದ್ದೆ ಎಂದು ತೋರಿಸುವ ಭಾರವೂ ಅನ ಮೇಲೆ ಬೀಳುತ್ತದೆ. ಎರಡನೆಯದರಲ್ಲಿ ಅದೇ ನಿರ್ಲಕ್ಷ್ಯ ಕಲಂ 8ರ ರಕ್ಷಣೆಯನ್ನೇ ಕಿತ್ತುಕೊಳ್ಳುತ್ತದೆ, ಏಕೆಂದರೆ ಆ ಕಲಂ ಯಾರ ತಪ್ಪೂ ಇಲ್ಲದ ನಾಶಕ್ಕೆ ಮಾತ್ರ. ಆಗ ಮುಂಗಡದ ಜೊತೆಗೆ ಸರಕು ಒಪ್ಪಿಸದ ಪರಿಹಾರವೂ ಅನ ತಲೆಯ ಮೇಲೆ ಬರುತ್ತದೆ. ಮೂರನೆಯದರಲ್ಲಿಯೂ ಹಾಗೆಯೇ; ತನ್ನ ತಪ್ಪಿನಿಂದಾದ ಅಸಾಧ್ಯತೆಯನ್ನು ಯಾರೂ ಆಶ್ರಯಿಸುವಂತಿಲ್ಲ. ಪ್ರಶ್ನೆಯಲ್ಲಿ ನಿರ್ಲಕ್ಷ್ಯದ ಸುಳಿವೇ ಇಲ್ಲದಿರುವುದರಿಂದ ಆಯಾ ಊಹೆಯ ಕೊನೆಯಲ್ಲಿ ಒಂದೊಂದು ವಾಕ್ಯ ಸಾಕು. ಮಾಲು ಒಯ್ಯಲು ಬ ತಡಮಾಡಿದ್ದನೇ ಎಂಬುದೂ ಇಂಥದ್ದೇ. ಒಂದು ಪಕ್ಷದ ತಪ್ಪಿನಿಂದ ಒಪ್ಪಿಸುವಿಕೆ ತಡವಾಗಿ, ಆ ತಪ್ಪಿಲ್ಲದಿದ್ದರೆ ಆಗದಿರಬಹುದಾಗಿದ್ದ ನಷ್ಟವಾದರೆ, ಅದರ ಹೊಣೆ ತಪ್ಪಿತಸ್ಥನದ್ದು ಎಂದು ಕಲಂ 26ರ ಮೊದಲ ಪರಂತುಕ ಹೇಳುತ್ತದೆ. ಒಡೆತನ ಅನಲ್ಲೇ ಉಳಿದಿದ್ದ ಎರಡನೆಯ, ಮೂರನೆಯ ಊಹೆಗಳಲ್ಲಿ ಮಾತ್ರ ಅದರಿಂದ ಫಲ ತಿರುಗಬಹುದು. ಮೊದಲನೆಯದರಲ್ಲಿ ನಷ್ಟ ಹೇಗೂ ಬನದ್ದೇ.

ಎಲ್ಲ ಪರ್ಯಾಯಗಳನ್ನೂ ತೋರಿಸಿ ಯಾವುದನ್ನೂ ಆರಿಸದೆ ಕೈಬಿಡುವುದು ಇನ್ನೊಂದು ಅಪಾಯ. ಚೆನ್ನಾಗಿ ಓದಿದವರೇ ಈ ತಪ್ಪನ್ನು ಹೆಚ್ಚು ಮಾಡುತ್ತಾರೆ. ಪ್ರಶ್ನೆ ಕೇಳಿದ್ದು ನಷ್ಟ ಯಾರದ್ದು ಎಂದು. ಆದ್ದರಿಂದ ಕೊಟ್ಟ ಮಾತುಗಳಿಗೆ ಯಾವ ಊಹೆ ಹೆಚ್ಚು ಹೊಂದುತ್ತದೆ ಎಂದು ಹೇಳಿ, ಅದರ ಮೇಲೆ ನಿಲ್ಲಬೇಕು. ನನ್ನ ಅಭಿಪ್ರಾಯದಲ್ಲಿ ಇಲ್ಲಿ ಮೊದಲನೆಯದು ಹೆಚ್ಚು ಹೊಂದುತ್ತದೆ. “ಅಟ್ಟದಲ್ಲಿದ್ದ 20 ಕ್ವಿಂಟಲ್” ಎಂಬುದನ್ನು ಸಹಜವಾಗಿ ಓದಿದರೆ ಅಲ್ಲಿದ್ದದ್ದು ಅಷ್ಟೇ ಎಂಬ ಅರ್ಥ ಬರುತ್ತದೆ, ದೊಡ್ಡ ದಾಸ್ತಾನಿದ್ದರೆ “ಅಟ್ಟದಲ್ಲಿದ್ದ ಅಡಿಕೆಯಲ್ಲಿ 20 ಕ್ವಿಂಟಲ್” ಎನ್ನುತ್ತಿದ್ದರು. ಪ್ರಮಾಣ ಮತ್ತು ದರ ಎರಡನ್ನೂ ಕೊಟ್ಟಿರುವುದರಿಂದ ಬೆಲೆ ಆಗಲೇ ಲೆಕ್ಕಕ್ಕೆ ಸಿಗುತ್ತದೆ. ತೂಗುವ ಹೊರೆ ಮಾರುವವನ ಮೇಲಿತ್ತು ಎಂದು ತೋರಿಸುವ ಮಾತು ಒಂದೂ ಇಲ್ಲ. ಪರೀಕ್ಷಕರು ಎರಡನೆಯ ಊಹೆಯತ್ತ ವಾಲಿದ್ದರೂ, ಕಾರಣ ಕೊಟ್ಟು ಮೊದಲನೆಯದನ್ನು ಆರಿಸಿದವರಿಗೆ ಅಂಕ ಕಡಿತವಾಗುವುದಿಲ್ಲ, ಎರಡನೆಯದರ ಫಲವೂ ಅದೇ ಉತ್ತರದಲ್ಲಿ ಇರುತ್ತದೆ.

ಊಹೆಯನ್ನು ಬರೆಯುವ ವಾಕ್ಯದ ಬಗ್ಗೆಯೂ ಹೇಳಬೇಕು. “ತೂಕ ಮಾಡಿರಲಿಲ್ಲ ಎಂದು ಭಾವಿಸಿ” ಎಂಬ ನಿಮ್ಮ ವಾಕ್ಯ ಊಹೆಯನ್ನು ಹೇಳುತ್ತದೆ, ಆದರೆ ಅದು ಏಕೆ ಬೇಕಾಯಿತು ಎಂಬುದನ್ನು ಹೇಳುವುದಿಲ್ಲ. ಓದುವವರಿಗೆ ಅದು ನಿಮಗೆ ಬೇಕಾದ ಉತ್ತರಕ್ಕಾಗಿ ಸಂಗತಿಯನ್ನು ಬಗ್ಗಿಸಿದಂತೆ ಕಾಣುತ್ತದೆ. ಯಾವ ಸಂಗತಿ ಇಲ್ಲ, ಯಾವ ಕಲಂ ಅದನ್ನು ಕೇಳುತ್ತದೆ, ಅದು ಇದ್ದರೆ ಮತ್ತು ಇಲ್ಲದಿದ್ದರೆ ಫಲ ಎತ್ತ ತಿರುಗುತ್ತದೆ ಎಂಬ ಮೂರೂ ಒಂದೇ ಉಸಿರಿನಲ್ಲಿ ಬರಬೇಕು. ಪರೀಕ್ಷೆಯ ಸಮಯದಲ್ಲಿ ಎಲ್ಲವನ್ನೂ ಇಷ್ಟು ವಿಸ್ತಾರವಾಗಿ ಬರೆಯಲಾಗದು. ಆದ್ದರಿಂದ ಮೂಲ ನಿಯಮಕ್ಕೆ ಒಂದು ಪರಿಚ್ಛೇದ, ಆರಿಸಿದ ಊಹೆಗೆ ಹೆಚ್ಚು ಜಾಗ, ಉಳಿದ ಎರಡಕ್ಕೆ ನಾಲ್ಕೈದು ಸಾಲುಗಳಂತೆ ಹಂಚಿಕೊಳ್ಳಿ. ನಿಮ್ಮ ಉತ್ತರದ ನಡುಭಾಗ ಮತ್ತು ಕೊನೆ ಈ ರೀತಿ ಇದ್ದಿದ್ದರೆ ಸಾಕಾಗುತ್ತಿತ್ತು:

“ಅಡಿಕೆಯನ್ನು ತೂಗುವ ಕೆಲಸ ಬಾಕಿ ಇತ್ತೇ, ಅದು ಯಾರದ್ದಾಗಿತ್ತು ಎಂಬುದನ್ನು ಪ್ರಶ್ನೆಯಲ್ಲಿ ಹೇಳಿಲ್ಲ. ಬೆಲೆ ಗೊತ್ತುಮಾಡಲು ಮಾರುವವನು ತೂಗಲು ಬದ್ಧನಾಗಿದ್ದಾಗ ಮಾತ್ರ ಕಲಂ 22 ಒಡೆತನವನ್ನು ತಡೆಯುವುದರಿಂದ ಈ ಸಂಗತಿ ನಿರ್ಣಾಯಕ. ಪ್ರಮಾಣ ಮತ್ತು ದರ ಎರಡೂ ನಿಗದಿಯಾಗಿರುವುದರಿಂದ, ಅಂಥ ಬಾಧ್ಯತೆ ಅನ ಮೇಲೆ ಇರಲಿಲ್ಲ ಎಂದು ಭಾವಿಸಿ ಉತ್ತರಿಸುತ್ತೇನೆ. ಹಾಗಾದರೆ ಕಲಂ 20 ಮತ್ತು 26ರಂತೆ ನಷ್ಟ ಬನದು, ಅವನು ಉಳಿದ 6 ಲಕ್ಷ ರೂಪಾಯಿ ಕೊಡಬೇಕು. ಅನೇ ತೂಗಿ ತಿಳಿಸಬೇಕಿತ್ತು, ತಿಳಿಸಿರಲಿಲ್ಲ ಎಂದು ಸಾಬೀತಾದರೆ ಕಲಂ 22ರಂತೆ ಒಡೆತನ ಅನಲ್ಲೇ ಉಳಿದಿತ್ತು, ಕಲಂ 8ರಂತೆ ಕರಾರು ರದ್ದಾಯಿತು, ಅ 2 ಲಕ್ಷ ರೂಪಾಯಿ ಹಿಂದಿರುಗಿಸಬೇಕು. ಅಟ್ಟದಲ್ಲಿ 20 ಕ್ವಿಂಟಲಿಗಿಂತ ಹೆಚ್ಚು ಅಡಿಕೆ ಇದ್ದು ಬನ ಪಾಲನ್ನು ಬೇರ್ಪಡಿಸಿರಲಿಲ್ಲ ಎಂದಾದರೆ ಕಲಂ 18ರಂತೆ ಆಗಲೂ ನಷ್ಟ ಅನದ್ದೇ. ಆದರೆ ಅವನ ಬಿಡುಗಡೆ ಕಲಂ 8ರಿಂದಲ್ಲ, ಕರಾರು ಅಧಿನಿಯಮದ ಕಲಂ 56ರಿಂದ ಬರುತ್ತದೆ, ಮುಂಗಡವನ್ನು ಅದೇ ಅಧಿನಿಯಮದ ಕಲಂ 65ರಂತೆ ಕೊಡಬೇಕು.”